ಬಾಣದಕ್ಕನ ಬೆರಳು

ಮೌಲ್ಯಮಾಪನದ ಕೊಠಡಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಬಾಣದಕ್ಕ ಎಂದೇ. ಶಾಲೆಯಲ್ಲಿ ಕಂಪ್ಯೂಟರ್ ಕಲಿಸಿ ತಲೆ ನರೆಸಿಕೊಂಡವರು. ಲೆಕ್ಕದ ಹೆಜ್ಜೆಗಳನ್ನು ಬಾಣಗಳಿಂದ ಜೋಡಿಸಿದ ಫ್ಲೋಚಾರ್ಟ್ ಕಂಡರೆ ಸಾಕು, ಬಾಣದ ಮೇಲೆ ಬೆರಳಿಟ್ಟು ನಡೆದೇ ನೋಡಬೇಕು. ಉಳಿದವರ ಉತ್ತರಪತ್ರಿಕೆಗಳ ಕಟ್ಟು ಮುಗಿದು ಚಹಾ ಆರಿದರೂ ಅಕ್ಕನ ಬೆರಳು ಇನ್ನೂ ದಾರಿಯಲ್ಲೇ ಇರುತ್ತಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಅವರಿಗೆ ಮೈಗಂಟಿದ ಕಾಯಿಲೆ.

ಹೊಸ ಮೇಷ್ಟ್ರು ತಿದ್ದಿದ ಕಟ್ಟನ್ನು ಮರುಪರಿಶೀಲಿಸುವುದು ಅಂದು ಅವರ ಪಾಲಿಗೆ ಬಂದಿತ್ತು. ಒಂದು ಉತ್ತರಪತ್ರಿಕೆಯಲ್ಲಿ ಒಟ್ಟು ಅಂಕ ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಫ್ಲೋಚಾರ್ಟಿಗೆ ಐದರಲ್ಲಿ ಒಂದು ಅಂಕ ಬಿದ್ದಿತ್ತು.

ಪ್ರಶ್ನೆ ಸರಳ: ಸೊನ್ನೆ ಬರುವವರೆಗೆ ಸಂಖ್ಯೆಗಳನ್ನು ಓದಿ, ಕೊನೆಗೆ ಮೊತ್ತ ತೋರಿಸಿ. ಆದರೆ ಆ ಮಗು ಕೆಲಸಕ್ಕೆ ಆಯತ, ಪ್ರಶ್ನೆಗೆ ವಜ್ರಾಕೃತಿ ಎಂಬ ನಿಯಮದ ಗೊಡವೆಗೇ ಹೋಗದೆ ಎಲ್ಲವನ್ನೂ ವೃತ್ತದೊಳಗೆ ತುರುಕಿತ್ತು.

"ಆಕಾರಕ್ಕೆ ಅಂಕ ಕಳೀಬಾರದು, ತರ್ಕ ನೋಡಿ ಅಂತ ಸೂಚನೆಯಲ್ಲೇ ಹೇಳಿದಾರಲ್ಲಪ್ಪ," ಎಂದರು ಅಕ್ಕ, ಪಕ್ಕದಲ್ಲಿದ್ದ ಮೇಷ್ಟ್ರಿಗೆ.

"ತರ್ಕಾನೇ ತಪ್ಪಿದೆ ಮೇಡಂ. ವಾಪಸ್ ಬರೋ ಬಾಣ 'ಮೊತ್ತ = 0'ಗೆ ಹೋಗಿದೆ. ಪ್ರತಿ ಸಲ ಕೂಡಿದ್ದೆಲ್ಲ ಅಳಿಸಿಹೋಗುತ್ತೆ."

ಹಾಗಿದ್ದರೆ ಮೇಷ್ಟ್ರು ಹೇಳಿದ್ದೇ ಸರಿ. ಮಗು ಫೇಲು. ಅಕ್ಕನಿಗೆ ಸಂಕಟವಾಯಿತು, ಆದರೆ ಸಂಕಟಕ್ಕೆ ಅಂಕ ಕೊಡಲಾಗದು. ಬೆರಳಿಟ್ಟರು. ಓದಿದ ಮೊದಲ ಸಂಖ್ಯೆ ನಾಲ್ಕು ಎಂದುಕೊಂಡರು. ಸೊನ್ನೆಯೇ? ಅಲ್ಲ. ಮೊತ್ತ ನಾಲ್ಕು. ಬಾಣ ಹಿಡಿದು ಮೇಲೆ ಹೋದ ಬೆರಳು 'ಮೊತ್ತ = 0' ಎಂಬ ಮೇಲಿನ ವೃತ್ತ ಮುಟ್ಟುವ ಮೊದಲೇ ನಿಂತಿತು.

"ಇಲ್ಲಿ ನೋಡು. ಬಾಣದ ತುದಿ 'ಮೊತ್ತ = 0'ಗೆ ತಾಗಿಲ್ಲ. ಅದರ ಕೆಳಗಿನ ಗೆರೆಗೆ ಸೇರಿದೆ. ಅಲ್ಲಿಂದ ಇಳಿದ್ರೆ 'ಸಂಖ್ಯೆ ಓದು.'"

"ಮೇಲಕ್ಕೆ ಹೋಗಿರೋ ಗುರುತಿದೆಯಲ್ಲ?"

ಅಕ್ಕ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮೇಷ್ಟ್ರು ಕಂಡದ್ದೂ ಸುಳ್ಳಲ್ಲ. ಮೊದಲು ಬಾಣ ಮೇಲಿನ ವೃತ್ತಕ್ಕೇ ಹೋಗಿತ್ತು. ಆಮೇಲೆ ರಬ್ಬರಿನಿಂದ ಉಜ್ಜಿದ ಮಗು, ತುದಿಯನ್ನು ಕೆಳಗಿನ ಗೆರೆಗೆ ಇಳಿಸಿತ್ತು. ಉಜ್ಜಿದ ರಭಸಕ್ಕೆ ಕಾಗದದ ಜುಂಗು ಎದ್ದಿತ್ತು.

ಮೇಷ್ಟ್ರು ಈ ಬಾರಿ ತಾವೇ ಬೆರಳಿಟ್ಟರು. ನಾಲ್ಕು, ಏಳು, ಸೊನ್ನೆ. ಹನ್ನೊಂದು ಬಂತು. ಮೊದಲ ಬಾಣದಲ್ಲಿ ನಡೆದಿದ್ದರೆ ಸೊನ್ನೆಯೇ ಬರುತ್ತಿತ್ತು.

"ಪರೀಕ್ಷೆಯಲ್ಲೇ ನಡೆಸಿ ನೋಡಿದೆ ಮೇಡಂ ಈ ಮಗು," ಎಂದರು ಮೆಲ್ಲಗೆ. ಒಂದನ್ನು ಹೊಡೆದುಹಾಕಿ ಐದು ಬರೆದು, ಒಟ್ಟನ್ನು ಮೂವತ್ತೈದು ಮಾಡಿ ಸಹಿ ಹಾಕಿದರು.

ಬಾಣ ಎಳೆಯುವ ಮಕ್ಕಳನ್ನು ಅಕ್ಕ ರಾಶಿ ಕಂಡಿದ್ದರು. ಎಳೆದ ಬಾಣದ ಮೇಲೆ ತಾನೇ ನಡೆದು, ಎಡವಿ, ದಾರಿ ತಿದ್ದಿಕೊಂಡ ಮಗುವಿನ ಮುಖವನ್ನು ಒಮ್ಮೆ ನೋಡಬೇಕೆನಿಸಿತು. ಹೆಸರಿರಬೇಕಾದ ಜಾಗದಲ್ಲಿ ಬರೀ ಸಂಕೇತ ಸಂಖ್ಯೆ ಇತ್ತು.

"ಯಾರ ಮಗುವೋ ಏನೋ," ಎಂದು ಪತ್ರಿಕೆಯನ್ನು ಪಾಸಾದವರ ಕಟ್ಟಿನಲ್ಲಿಟ್ಟರು. ಕೈ ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.