ಅಮಾವಾಸ್ಯೆಗೆ ಬಿದ್ದ ಕೊನೆಯ ದಿನಾಂಕ

ಪಂಚಾಂಗ ನೋಡದೆ ಹಪ್ಪಳದ ಹಿಟ್ಟನ್ನೂ ಕಲಸದ ಹೆಂಗಸು ಚಳ್ಳಕೆರೆಯ ದ್ರಾಕ್ಷಾಯಣಮ್ಮ. ಶೇಂಗಾ ವ್ಯಾಪಾರಿಯಾದ ಗಂಡ ಏಕಾಂತಪ್ಪ ಅಂಗಡಿಗೆ ಹೊಸ ತಕ್ಕಡಿ ತರಬೇಕೆಂದರೂ ಮೊದಲು ಅಡುಗೆಮನೆಯ ಅಪ್ಪಣೆ ಆಗಬೇಕು. ಯಾರ ಮನೆಯ ನಾಮಕರಣ ಯಾವತ್ತು, ಗ್ಯಾಸ್ ಸಿಲಿಂಡರ್ ಹಚ್ಚಿದ್ದು ಯಾವತ್ತು, ಎಲ್ಲವೂ ಆಕೆಯ ನಾಲಿಗೆ ತುದಿಯಲ್ಲಿ.

ಇಂಥ ನೆನಪಿನ ಶಕ್ತಿಯನ್ನು ಇಂಜಿನಿಯರಿಂಗ್ ಓದುವ ಮಗಳು ಜ್ಯೋತಿಲಕ್ಷ್ಮಿ ಸುಮ್ಮನೆ ಬಿಡುತ್ತಾಳೆಯೇ? ಇಂಟರ್ನ್‌ಶಿಪ್‌ಗಾಗಿ ಅರ್ಜಿ ಹಾಕಬೇಕಾದ ಜಾಗಗಳನ್ನೆಲ್ಲ ಅವಳು ಒಂದು ಗೂಗಲ್ ಶೀಟಿನಲ್ಲಿ ಬರೆದಿಟ್ಟಿದ್ದಳು. ಸಾಲಿಗೊಂದು ಕಂಪನಿ, ಪಕ್ಕದಲ್ಲಿ ಅರ್ಜಿಯ ಕೊನೆಯ ದಿನಾಂಕ, ಮತ್ತೆ ವಿಚಾರಿಸುವ ದಿನ, ಸ್ಥಿತಿ. ಅದನ್ನು ತಾಯಿಯ ಮೊಬೈಲಿಗೂ ಕಳಿಸಿ, ತಿದ್ದುವ ಅನುಮತಿಯನ್ನೂ ಕೊಟ್ಟಳು.

“ವಿಚಾರಿಸೋ ದಿನ ಬಂದಾಗ ನಂಗೆ ನೆನಪು ಮಾಡವ್ವ. ನಾನು ಮೇಲ್ ಕಳಿಸಿದ ಮ್ಯಾಲೆ ಮುಂದಿನ ತಾರೀಖು ಹಾಕು.”

ದ್ರಾಕ್ಷಾಯಣಮ್ಮ ಟೊಂಕ ಕಟ್ಟಿ ನಿಂತರು. ರೊಟ್ಟಿ ತಟ್ಟುತ್ತಲೇ, “ಆ ಪುಣೆಯೋರು ಇನ್ನೂ ಬಾಯಿ ಬಿಟ್ಟಿಲ್ಲೇನೆ? ಇವತ್ತು ಕೇಳೋ ದಿನ ಐತೆ” ಎಂದು ಕೂಗುವರು. ಪಾಪ, ಆ ಪುಣೆಯವರಿಗೆ ತಮ್ಮ ಹೆಸರು ಚಳ್ಳಕೆರೆಯ ಒಲೆಯ ಮುಂದೆ ದಿನಾ ಬೈಸಿಕೊಳ್ಳುವುದು ಹೇಗೆ ಗೊತ್ತಾಗಬೇಕು!

ಮಗಳ ಮನಸ್ಸೆಲ್ಲ ಇದ್ದದ್ದು ಮಾತ್ರ ಕುದಾಪುರದ ಒಂದು ಸಂಶೋಧನಾ ಕೇಂದ್ರದ ಮೇಲೆ. ಅದಕ್ಕೆ ಬೇಕಾದ ಪ್ರಾಧ್ಯಾಪಕರ ಶಿಫಾರಸು ಪತ್ರ ಶನಿವಾರ ಸಂಜೆ ಕೈಗೆ ಬಂತು. ದಿನಾಂಕದ ಪ್ರಕಾರ ಜೋಡಿಸಿದ ಶೀಟಿನಲ್ಲಿ ಕುದಾಪುರಕ್ಕೆ ಸೋಮವಾರದವರೆಗೆ ಸಮಯವಿತ್ತು. ಭಾನುವಾರ ತನ್ನ ಕೋಣೆಯಲ್ಲಿ ಕೂತು, ಅದೇ ಸೋಮವಾರದ ಗಡುವಿನ ಬೇರೆ ಎರಡು ಅರ್ಜಿ ಮುಗಿಸಿ ನಿಶ್ಚಿಂತೆಯಿಂದ ಮಲಗಿದಳು.

ಸೋಮವಾರ ಕೇಂದ್ರದ ವೆಬ್‌ಸೈಟ್ ತೆರೆದರೆ ಅರ್ಜಿಯೇ ಇಲ್ಲ. ಗಡುವು ನಿನ್ನೆಗೇ ಮುಗಿದಿತ್ತು. ಶೀಟಿನಲ್ಲಿ ಆ ದಿನಾಂಕದ ಚೌಕವನ್ನು ಒತ್ತಿ, ತಿದ್ದಿದ್ದು ಯಾರೆಂದು ನೋಡಿದರೆ ಅಲ್ಲಿ ತಾಯಿಯ ಹೆಸರು!

“ಅವ್ವ, ಈ ತಾರೀಖು ಯಾಕೆ ಬದಲು ಮಾಡ್ದೆ?”

“ಭಾನುವಾರ ಅಮಾಸೆ ಕಣೇ. ಅಂಥ ದಿನ ಒಳ್ಳೆ ಕೆಲಸಕ್ಕೆ ಕೈ ಹಾಕ್ತಾರೇನು? ಒಂದಿನ ಮುಂದಕ್ಕೆ ಹಾಕಿದೆ.”

“ನೀನು ಹಾಕಿದ್ರೆ ಅವರು ಕೇಳ್ತಾರಾ? ಅದು ಅವರು ಬಾಗಿಲು ಮುಚ್ಚೋ ದಿನ!”

ದ್ರಾಕ್ಷಾಯಣಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಆಕೆಗೆ ಮದುವೆ ಮುಹೂರ್ತ, ಗೃಹಪ್ರವೇಶ ಎಲ್ಲ ಮುಂದಕ್ಕೆ ಹಾಕಿ ಅಭ್ಯಾಸ. ಯಾರೂ ಬಾಗಿಲು ಮುಚ್ಚಿರಲಿಲ್ಲ. ಮಗಳು ಕೇಂದ್ರದವರಿಗೆ ಬೇಡಿಕೊಂಡು ಮೇಲ್ ಕಳಿಸಿದಳು. ಮಧ್ಯಾಹ್ನವೇ ಉತ್ತರ ಬಂತು: ಗಡುವು ದಾಟಿದೆ, ಮುಂದಿನ ಸಲ ಪ್ರಯತ್ನಿಸಿ.

ಜ್ಯೋತಿ ಮುಖ ಊದಿಸಿಕೊಂಡು, ಆ ಸಾಲಿನ ಸ್ಥಿತಿಯಲ್ಲಿ ‘ತಿರಸ್ಕೃತ’ ಎಂದು ಬರೆಯತೊಡಗಿದಳು. ತಾಯಿ ಮೊಬೈಲು ಕಸಿದುಕೊಂಡರು.

“ಹಂಗ್ ಬರೀಬ್ಯಾಡ. ಅವರು ನಿನ್ನ ಬ್ಯಾಡ ಅಂದಿಲ್ಲ.”

ಸೆರಗಿಗೆ ಬೆರಳು ಒರೆಸಿಕೊಂಡು, ಒಂದೊಂದೇ ಅಕ್ಷರ ಹುಡುಕಿ ಆಕೆಯೇ ಒತ್ತಿದರು: ‘ಅವ್ವ ಕೆಡಿಸಿದಳು’.

ಜ್ಯೋತಿಗೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಕೊನೆಯ ದಿನಾಂಕದ ಕಾಲಂ ಯಾರೂ ತಿದ್ದದಂತೆ ಬೀಗ ಹಾಕಿದಳು. ತಾಯಿ ಬರೆದದ್ದನ್ನು ಮಾತ್ರ ಅಳಿಸಲಿಲ್ಲ.