ಅಟ್ಟಕ್ಕೆ ಹಾಸಿದ ಟೈಲ್ಸ್

ಜ್ಯೋತಿಲಕ್ಷ್ಮಿಯ ಮುಂದೆ ‘ಸುಮಾರು’ ಅನ್ನಬಾರದು. ‘ಸುಮಾರು ಎಷ್ಟು ಇಟ್ಟಿಗೆ ಬೇಕಾಗುತ್ತೆ?’ ಅಂತ ಕೇಳಿದರೆ ಸಾಕು, ಮುಖ ಗಂಟಿಕ್ಕುತ್ತಾಳೆ. ತಿಪಟೂರಿನಲ್ಲಿ ಮನೆ ಕಟ್ಟಿಸಿಕೊಡುವ ನಮ್ಮ ಆಫೀಸಿನಲ್ಲಿ ಕೆಲಸದ ಮೇಲ್ವಿಚಾರಣೆ ನನ್ನದು, ಎಸ್ಟಿಮೇಟ್ ಅವಳದು. ಶೆಟ್ಟಿಕೆರೆಯಿಂದ ಬಸ್ಸಿನಲ್ಲಿ ಬರುತ್ತಾಳೆ. ಬಂದವಳೇ ಕಂಪ್ಯೂಟರ್ ಮುಂದೆ ಕೂತರೆ ಊಟದ ಹೊತ್ತಿಗೂ ಏಳುವುದಿಲ್ಲ. ಸ್ವಲ್ಪ ಜಂಬದವಳೂ ಹೌದು, ಆದರೆ ಆ ಜಂಬಕ್ಕೆ ತಕ್ಕ ಕೆಲಸವೂ ಇದೆ.

ಅವಳು ಬರೀ ನಕ್ಷೆ ಬರೆಯುವುದಿಲ್ಲ. ಇಡೀ ಮನೆಯನ್ನೇ ಪರದೆಯ ಮೇಲೆ ಕಟ್ಟುತ್ತಾಳೆ. ಗೋಡೆಗೆ ಅದರ ದಪ್ಪ, ತಾರಸಿಗೆ ಅದರ ದಪ್ಪ. ಕಟ್ಟಿ ಮುಗಿದ ಮೇಲೆ ಕಂಪ್ಯೂಟರೇ ಬಾಗಿಲು ಕಿಟಕಿಯ ಜಾಗ ಕಳೆದು ಗೋಡೆಗಳ ಘನ ಅಳತೆ ಕೊಡುತ್ತದೆ, ಅದರಿಂದ ಇಟ್ಟಿಗೆ ಎಷ್ಟೆಂದು ಇವಳು ಲೆಕ್ಕ ಹಾಕುತ್ತಾಳೆ. ಕಂಬ, ತೊಲೆ, ತಾರಸಿಯಿಂದ ಕಾಂಕ್ರೀಟು. ಗಾರೆ, ಬಣ್ಣ, ಟೈಲ್ಸ್‌ಗೆ ಕೋಣೆವಾರು ವಿಸ್ತೀರ್ಣ. ದರದಿಂದ ಗುಣಿಸಿದರೆ ಮನೆಯ ಖರ್ಚು ಕೈಯಲ್ಲಿ.

ಅರಳಗುಪ್ಪೆಯ ನಂಜುಂಡಪ್ಪನವರ ಮನೆಯನ್ನೂ ಹೀಗೇ ಕಟ್ಟಿದಳು. ಕೆಳಗೆ ವಾಸ, ಹಿಂಭಾಗದಲ್ಲಿ ಕೊಟ್ಟಿಗೆ, ಕೊಟ್ಟಿಗೆಯ ಮೇಲೆ ಕೊಬ್ಬರಿ ಅಟ್ಟ. ಎಸ್ಟಿಮೇಟ್ ನೋಡಿದ ನಂಜುಂಡಪ್ಪನವರು ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಹೋದರು. ಬ್ಯಾಂಕಿನವರು ಕೊಡುವುದಕ್ಕಿಂತ ಬಹಳ ಜಾಸ್ತಿ ಆಗಿತ್ತು. ನಾಕು ದಿನ ಯೋಚಿಸಿ, ಹೆಂಡತಿ ಸಿದ್ದಮ್ಮನನ್ನೂ ಕರೆದುಕೊಂಡು ಬಂದರು.

“ಅಟ್ಟ ತೆಗೆದುಬುಡಮ್ಮ” ಅಂದರು.

ಸಿದ್ದಮ್ಮ ಕುರ್ಚಿ ಎಳೆದುಕೊಂಡು ಪರದೆಯ ಹತ್ತಿರ ಕೂತಳು. ಹಳೇ ಮನೆಯಲ್ಲಿ ಅಟ್ಟ ಅವಳದ್ದೇ ಆಗಿತ್ತು. ತೆಂಗಿನಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಿ, ಒಳಗಿನ ಕೊಬ್ಬರಿ ಗಿಟುಕಾಗಿ ಅಲ್ಲಾಡುವ ಹೊತ್ತಿಗೆ, ಯಾವಾಗ ಸುಲಿಸಬೇಕು, ಯಾವಾಗ ಮಾರಬೇಕು ಅಂತ ನಿರ್ಧರಿಸುತ್ತಿದ್ದವಳು ಅವಳು. ಅಟ್ಟ ಇಲ್ಲದಿದ್ದರೆ ಹಸಿ ಕಾಯಿ ಕಿತ್ತ ದಿನವೇ ವ್ಯಾಪಾರಿ ಹೇಳಿದ ಬೆಲೆಗೆ ಹೋಗಬೇಕು. ಹಸಿ ಕಾಯಿ ಕೊಡುತ್ತೇನೆಂದು ನಂಜುಂಡಪ್ಪ ಆಗಲೇ ವ್ಯಾಪಾರಿಗೆ ಮಾತು ಕೊಟ್ಟೂ ಆಗಿತ್ತು.

“ಒಂದ್ಸಲ ತೋರ್ಸವ್ವ, ನೋಡ್ಬುಡ್ತೀನಿ” ಅಂದಳು ಸಿದ್ದಮ್ಮ.

ಜ್ಯೋತಿಲಕ್ಷ್ಮಿ ಮನೆಯನ್ನು ಪರದೆಯ ಮೇಲೆ ತಿರುಗಿಸಿ ತೋರಿಸಿದಳು. ಆಮೇಲೆ ಅಟ್ಟದ ನೆಲವನ್ನು ಆರಿಸಿ ಅಳಿಸಿದಳು. ಪಕ್ಕದಲ್ಲಿದ್ದ ಪಟ್ಟಿಯಲ್ಲಿ ಕಾಂಕ್ರೀಟು ಇಳಿಯಿತು. ಅದರ ಜೊತೆಗೇ ಟೈಲ್ಸೂ ಇಳಿಯಿತು.

ಅವಳ ಕೈ ನಿಂತಿತು.

“ಟೈಲ್ಸ್ ಯಾಕೆ ಇಳೀತು?” ಅಂತ ತನ್ನನ್ನೇ ಕೇಳಿಕೊಂಡಳು. ಅಳಿಸಿದ್ದನ್ನು ವಾಪಸ್ ತಂದು, ಅಟ್ಟದ ನೆಲವನ್ನು ಮಾತ್ರ ಪದರ ಪದರವಾಗಿ ಬಿಡಿಸಿ ನೋಡಿದಳು. ಅವಳೇ ಆತುರದಲ್ಲಿ ಬೇರೊಂದು ಮನೆಯ ಮಹಡಿಯ ಮಲಗುವ ಕೋಣೆಯ ನೆಲವನ್ನು ನಕಲು ಮಾಡಿ ಅಲ್ಲಿ ಹಾಕಿದ್ದಳು. ಕಾಂಕ್ರೀಟ್ ತಾರಸಿ, ಕೆಳಗೆ ಗಾರೆ, ಮೇಲೆ ಥಳಥಳಿಸುವ ಟೈಲ್ಸ್. ಅಟ್ಟಕ್ಕೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿ ಗಾಳಿ ಆಡಲು ಸಂದು ಬಿಡುತ್ತಾರೆಂದು ಅವಳಿಗೂ ಗೊತ್ತು, ನಮಗೂ ಗೊತ್ತು, ನಂಜುಂಡಪ್ಪನವರಿಗಂತೂ ಹುಟ್ಟಿದಾಗಿನಿಂದ ಗೊತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆ ಕಂಪ್ಯೂಟರಿಗೆ ಹೇಗೆ ತಿಳಿಯಬೇಕು?

“ಅಯ್ಯೋ! ಕಾಯಿಗೆ ಟೈಲ್ಸಾ?” ಅಂತ ಸಿದ್ದಮ್ಮ ನಕ್ಕುಬಿಟ್ಟಳು. ಜ್ಯೋತಿಲಕ್ಷ್ಮಿಗೆ ನಗು ಬರಲಿಲ್ಲ, ಕಿವಿಯೆಲ್ಲ ಕೆಂಪಾಗಿತ್ತು.

“ತಪ್ಪು ನಂದು ಕಣ್ರಮ್ಮ. ಒಂದರ್ಧ ಗಂಟೆ ಕೂತ್ಕೊಳಿ.”

ಕಾಂಕ್ರೀಟ್ ನೆಲ ತೆಗೆದು ಮರದ ತೊಲೆ, ಅಡಿಕೆ ದಬ್ಬೆ ಹಾಕಿದಳು. ಗೋಡೆಯ ಮೇಲೆ ಆ ಕಾಂಕ್ರೀಟ್ ಕೂತಿದ್ದ ದಪ್ಪದಷ್ಟು ಜಾಗಕ್ಕೂ ಈಗ ಗೋಡೆಯೇ ಬಂದು ಇಟ್ಟಿಗೆ ಚೂರು ಜಾಸ್ತಿಯಾಯಿತು. ಅದನ್ನೂ ಬಿಡದೆ ಸೇರಿಸಿದಳು. ಕಾಂಕ್ರೀಟು, ಅದರ ಕಬ್ಬಿಣ, ಅದನ್ನು ಹೊರುವ ಸೆಂಟ್ರಿಂಗ್ ಹಲಗೆ, ಗಾರೆ, ಟೈಲ್ಸ್ ಎಲ್ಲ ಇಳಿದವು. ನಮ್ಮ ಇಂಜಿನಿಯರ್ ರಂಗನಾಥ್ ಸರ್ ಬಂದು, ಕಾಯಿಯ ಭಾರ ತಡೆಯಲು ತೊಲೆ ಇನ್ನೂ ದಪ್ಪ ಬೇಕು ಅಂದರು. ಮರದ ಖರ್ಚು ಮತ್ತೆ ಸ್ವಲ್ಪ ಏರಿತು.

“ಇನ್ನೂ ಬ್ಯಾಂಕಿನ ಸಾಲಕ್ಕಿಂತ ಒಂಚೂರು ಮೇಲೇ ಐತೆ” ಅಂದಳು ಜ್ಯೋತಿಲಕ್ಷ್ಮಿ. ಮುಚ್ಚಿಡುವುದು ಅವಳ ಜಾಯಮಾನವಲ್ಲ.

ನಂಜುಂಡಪ್ಪ ಪರದೆಯನ್ನೇ ನೋಡುತ್ತಾ ಕೂತಿದ್ದರು. “ಮುಂದಿನ ಜಗಲಿಗೆ ಗ್ರಾನೈಟ್ ಅಂದಿದ್ನಲ್ಲ, ಅದು ಬ್ಯಾಡ. ಸಿಮೆಂಟೇ ಬಳೀಲಿ” ಅಂದರು. ಆ ಗ್ರಾನೈಟಿಗಾಗಿ ಅವರು ಅಂಗಡಿ ಅಂಗಡಿ ತಿರುಗಿದ್ದು ನನಗೆ ಗೊತ್ತಿತ್ತು.

ಜ್ಯೋತಿಲಕ್ಷ್ಮಿ ಬದಲಾಯಿಸಿದಳು. ಮೊತ್ತ ಸಾಲದೊಳಗೆ ಬಂತು.

ನಂಜುಂಡಪ್ಪ ಫೋನ್ ತೆಗೆದು ವ್ಯಾಪಾರಿಗೆ ಕರೆ ಮಾಡಿದರು. ಆ ಕಡೆಯಿಂದ ದನಿ ಬರುತ್ತಲೇ ಫೋನನ್ನು ಹೆಂಡತಿಯ ಕೈಗೆ ಕೊಟ್ಟು, “ನೀನೇ ಹೇಳು” ಅಂದರು.

“ಹಸಿ ಕಾಯಿ ಕೊಡಲ್ಲ ಕಣಪ್ಪ” ಅಂದಳು ಸಿದ್ದಮ್ಮ. “ನಮ್ಮನೇಲಿ ಅಟ್ಟ ಇರ್ತದೆ.”

ಫೋನನ್ನು ಗಂಡನಿಗೆ ವಾಪಸ್ ಕೊಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.