ನನಗೆ ತೆರೆಯುತ್ತಿದೆಯಲ್ಲ, ಮೇಡಂ

ಇಪ್ಪತ್ತೊಂದು ವರ್ಷಗಳಿಂದ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಕೂತು ಬೇರೆಯವರ ಮಾತು, ನಗು, ಕೆಮ್ಮುಗಳನ್ನು ಕತ್ತರಿಸುತ್ತಾ ಬಂದವನಿಗೆ ಕತ್ತರಿ ಎಂಬ ಹೆಸರಲ್ಲದೆ ಇನ್ನೇನು ಬಿದ್ದೀತು? ಮದುವೆ, ಶಾಲೆಯ ನಾಟಕ, ಅಂಗಡಿಯ ಜಾಹೀರಾತು, ಯಾವುದೇ ಇರಲಿ, ಜನ ವಿಡಿಯೊ ತೆಗೆದದ್ದನ್ನು ತಂದು ಅವನ ಮೇಜಿನ ಮೇಲಿಡುತ್ತಿದ್ದರು. ಅವನು ಅದರೊಳಗಿನ ತೊದಲು, ಆಕಳಿಕೆ, ಬೇಡದ ಮೌನಗಳನ್ನು ತೆಗೆದು ಕೈಗೆ ಕೊಡುತ್ತಿದ್ದ. ನಲವತ್ತು ನಿಮಿಷದ ಭಾಷಣವನ್ನು ನಾಲ್ಕು ನಿಮಿಷಕ್ಕೆ ಇಳಿಸಿದರೂ ಭಾಷಣ ಮಾಡಿದವನಿಗೆ ಗೊತ್ತಾಗದಷ್ಟು ನಯವಾದ ಕೈ ಅವನದು.

ಆದರೆ ತಾನೇ ಒಂದು ಪತ್ರ ಬರೆಯಲು ಕೂತನೆಂದರೆ ಆ ಕೈ ಎಲ್ಲಿ ಹೋಗುತ್ತಿತ್ತೋ! "ಫೈಲ್ ತಲುಪಿತು" ಎನ್ನುವುದಕ್ಕೆ ಅವನಿಗೆ ಮೂರು ಪ್ಯಾರಾ ಬೇಕು. ಅವನ ಇಮೇಲ್‌ಗಳನ್ನು ಓದಿ ಮುಗಿಸಿದವಳು ಪ್ರಪಂಚದಲ್ಲಿ ಒಬ್ಬಳೇ, ಅವನ ಅಕ್ಕ. ಅಂಚೆ ಕಚೇರಿಯ ದೂರು ವಿಭಾಗದಲ್ಲಿ ಮೂವತ್ತು ವರ್ಷ ಕೂತು ನಿವೃತ್ತಳಾಗಿ ತಮ್ಮನ ಮನೆ ಸೇರಿದ್ದಳು. ಕಳೆದುಹೋದ ಪಾರ್ಸಲ್‌ಗಳ ಬಗ್ಗೆ ಜನರಿಂದ ಬೈಸಿಕೊಂಡೂ ಬೈಸಿಕೊಂಡೂ ಅವಳ ಮುಖಕ್ಕೆ ಒಂದು ಬಗೆಯ ಅಲುಗದ ಶಾಂತಿ ಬಂದಿತ್ತು. ಆ ಮುಖ ಕಂಡರೆ ತಮ್ಮನಿಗೆ ಸುಳ್ಳು ಹೇಳುವುದು ಕಷ್ಟವಾಗುತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಈಜು ಮೇಡಂ ಫೋನ್ ಮಾಡಿದರು.

ಸಾರ್ವಜನಿಕ ಈಜುಕೊಳದ ತರಬೇತಿದಾರರು ಅವರು. ಒಂದು ವರ್ಷದಿಂದ ಬೆಳಿಗ್ಗೆ ಏಳರಿಂದ ಎಂಟರವರೆಗೆ, ಅರವತ್ತು ದಾಟಿದ ಹನ್ನೆರಡು ಹೆಂಗಸರಿಗೆ ಈಜು ಕಲಿಸುತ್ತಿದ್ದರು. ಈಗ ಆ ಹೊತ್ತನ್ನು ಒಂದು ಯುವಕರ ಕ್ಲಬ್‌ಗೆ ಕೊಡಬೇಕೆಂದು ಕೊಳದ ಸಮಿತಿ ಯೋಚಿಸುತ್ತಿತ್ತು. ನಿರ್ಧಾರ ಆಗುವುದು ಅದೇ ದಿನ ಸಂಜೆ ನಾಲ್ಕಕ್ಕೆ. ಸಮಿತಿಯ ಐವರೂ ಸಭೆಗೆ ಮೊದಲೇ ನೋಡಲಿ ಎಂದು ಮೇಡಂ ಕತ್ತರಿಯಿಂದ ನಾಲ್ಕು ನಿಮಿಷದ ವಿಡಿಯೊ ಮಾಡಿಸಿದ್ದರು. ಈಜುಡುಗೆಯಲ್ಲಿ ತಮ್ಮನ್ನು ಊರೆಲ್ಲ ನೋಡುವುದು ಬೇಡ ಎಂದು ಹೆಂಗಸರು ಹೇಳಿದ್ದರಿಂದ ಕತ್ತರಿ ಅದನ್ನು ತನ್ನ ಚಾನೆಲ್‌ಗೆ ಅನ್‌ಲಿಸ್ಟೆಡ್ ಆಗಿ ಏರಿಸಿದ್ದ. ಹುಡುಕಿದರೆ ಸಿಗುವುದಿಲ್ಲ, ಲಿಂಕ್ ಇದ್ದವರಿಗೆ ಮಾತ್ರ ತೆರೆಯುತ್ತದೆ. ಶನಿವಾರ ಮೇಡಂ ನೋಡಿ, ಮೆಚ್ಚಿ, ಆ ಲಿಂಕನ್ನು ಐವರಿಗೂ ಕಳಿಸಿಯಾಗಿತ್ತು.

"ಸರ್, ವಿಡಿಯೊ ಪ್ರೈವೇಟ್ ಅಂತ ಬರ್ತಿದೆ," ಎಂದರು ಮೇಡಂ.

ಕತ್ತರಿ ತನ್ನ ಕಂಪ್ಯೂಟರಿನಲ್ಲಿ ಲಿಂಕ್ ಒತ್ತಿದ. ನೀಲಿ ನೀರು, ಹನ್ನೆರಡು ಟೋಪಿಗಳು, ಸೊಗಸಾಗಿ ಓಡಿತು.

"ನನಗೆ ತೆರೀತಿದೆಯಲ್ಲ, ಮೇಡಂ."

"ನನಗೆ ತೆರೀತಿಲ್ಲ. ಸಮಿತಿಯವರು ಒಬ್ಬರಿಗೂ ತೆರೀತಿಲ್ಲ."

"ಫೋನ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ."

"ಆರು ಜನರ ಫೋನೂ ಒಟ್ಟಿಗೆ ಕೆಟ್ಟಿದೆಯಾ ಸರ್?"

ಕತ್ತರಿಗೆ ತುಸು ಕಸಿವಿಸಿಯಾಯಿತು. ಆದರೆ ಕಣ್ಣೆದುರು ಓಡುತ್ತಿರುವುದನ್ನು ಹೇಗೆ ಇಲ್ಲವೆನ್ನುವುದು? "ಇಲ್ಲಿ ಚೆನ್ನಾಗೇ ಬರ್ತಿದೆ," ಎಂದು ಮತ್ತೆ ಹೇಳಿದ. ಆ ಕಡೆ ಮೇಡಂ ಉಸಿರೆಳೆದುಕೊಂಡರು.

"ನನಗೆ ಗೊತ್ತಾಯ್ತು ಬಿಡಿ. ಟವೆಲ್ ಟೀಚರ್ ನಿಮಗೆ ಫೋನ್ ಮಾಡಿದಾರೆ, ಅಲ್ವಾ? ಮುಚ್ಚಿಬಿಡಿ ಅಂದಿದಾರೆ. ನೀವು ಪಾಪ, ಹೇಳೋಕಾಗದೆ ಸುತ್ತಿಬಳಸ್ತಿದೀರಿ. ಇರಲಿ, ಮಧ್ಯಾಹ್ನ ಸಿಗ್ತಾರೆ, ನಾನೇ ಕೇಳ್ತೀನಿ."

ಫೋನ್ ಇಟ್ಟೇಬಿಟ್ಟರು.

ಟವೆಲ್ ಟೀಚರ್ ಎಂದರೆ ಆ ಹನ್ನೆರಡು ಮಂದಿಯಲ್ಲಿ ಒಬ್ಬರು, ನಿವೃತ್ತ ಗಣಿತದ ಮೇಷ್ಟ್ರಮ್ಮ. ಮೊದಲ ನಾಲ್ಕು ತಿಂಗಳು ನೀರಿನ ಅಂಚಿನವರೆಗೂ ಮೈಗೆ ಟವೆಲ್ ಸುತ್ತಿಕೊಂಡೇ ಬರುತ್ತಿದ್ದರಂತೆ. ಚಿತ್ರೀಕರಣದ ದಿನ ಮಾತ್ರ, ಏನನ್ನಿಸಿತೋ, ಟವೆಲನ್ನು ಬೆಂಚಿನ ಮೇಲೆ ಎಸೆದು ದಡದಿಂದ ಧುಮುಕಿದ್ದರು. ವಿಡಿಯೊದ ಜೀವವೇ ಆ ಧುಮುಕು.

ಕತ್ತರಿ ಇಮೇಲ್ ಬರೆಯಲು ಕೂತ. 'ಮಾನ್ಯರೇ, ವಿಡಿಯೊಗಳಲ್ಲಿ ಮುಖ್ಯವಾಗಿ ಮೂರು ಬಗೆಗಳಿದ್ದು' ಎಂದು ಶುರುವಾದ ಪತ್ರ ಬ್ರೌಸರ್, ನೆಟ್‌ವರ್ಕ್, ದೂರದ ಸರ್ವರ್‌ಗಳನ್ನೆಲ್ಲ ಸುತ್ತಿ, ತಪ್ಪು ನೋಡುವವರ ಕಡೆಯೇ ಇರಬಹುದು ಎಂಬ ಸೂಚನೆಯನ್ನು ಅತ್ಯಂತ ವಿನಯದಿಂದ ಕೊಟ್ಟು, ಎರಡನೇ ಪುಟಕ್ಕೆ ಕಾಲಿಟ್ಟಿತು. ಅಷ್ಟರಲ್ಲಿ ಅಕ್ಕ ಕಾಫಿ ಲೋಟ ಹಿಡಿದು ಬಂದು ಬೆನ್ನ ಹಿಂದೆ ನಿಂತಳು.

"ಯಾರಿಗೋ ಇದು? ಪಠ್ಯಪುಸ್ತಕ ಬರೀತಿದೀಯಾ?"

"ಲಿಂಕ್ ತೆರೀತಿಲ್ಲ ಅಂತಾರೆ ಅಕ್ಕ. ಟವೆಲ್ ಟೀಚರ್ ಹೇಳಿ ಮುಚ್ಚಿಸಿದಾರೆ ಅಂತ, ಮಧ್ಯಾಹ್ನ ಅವರನ್ನೇ ಕೇಳ್ತಾರಂತೆ. ನೋಡು, ತೆರೀತಿದೆ."

"ನನ್ನ ಫೋನಿಗೆ ಕಳಿಸು."

ಕಳಿಸಿದ. ಅಕ್ಕ ಕನ್ನಡಕ ಏರಿಸಿ ಒತ್ತಿದಳು. ಕಪ್ಪು ಪರದೆ. ಅದರ ನಡುವೆ, ಈ ವಿಡಿಯೊ ಪ್ರೈವೇಟ್ ಆಗಿದೆ ಎಂಬ ಒಂದು ಸಾಲು. ಅವನ ಪರದೆಯ ಪಕ್ಕಕ್ಕೆ ಫೋನ್ ಹಿಡಿದಳು. ಒಂದರಲ್ಲಿ ಹನ್ನೆರಡು ಹೆಂಗಸರು ಕಾಲು ಬಡಿಯುತ್ತಿದ್ದರು, ಇನ್ನೊಂದರಲ್ಲಿ ಕತ್ತಲೆ.

"ನಿನ್ನ ಮನೆ ಬಾಗಿಲು ನಿನಗೆ ತೆರೆಯೋದರಲ್ಲಿ ಏನು ಹೆಚ್ಚುಗಾರಿಕೆ? ಬೀಗದ ಕೈ ನಿನ್ನ ಜೇಬಲ್ಲೇ ಇದೆಯಲ್ಲ," ಎಂದಳು.

ಕತ್ತರಿಯ ಕೈ ಮೌಸಿನ ಮೇಲೆ ನಿಂತುಬಿಟ್ಟಿತು. ಅವನು ಲಾಗಿನ್ ಆಗಿಯೇ ಕೂತಿದ್ದ. ಚಾನೆಲ್‌ನ ಒಡೆಯನಿಗೆ ಪ್ರೈವೇಟ್ ವಿಡಿಯೊ ಕಾಣದೆ ಇರುತ್ತದೆಯೆ? ಲಾಗಿನ್ ಇಲ್ಲದ ಅಜ್ಞಾತ ಕಿಟಕಿಯೊಂದನ್ನು ತೆರೆದು ಅದೇ ಲಿಂಕ್ ಹಾಕಿದ. ಅದೇ ಕಪ್ಪು ಪರದೆ, ಅದೇ ಸಾಲು. ಚಾನೆಲ್‌ನ ಪಟ್ಟಿ ತೆರೆದ. 'ಈಜು ಅಂತಿಮ ನಿಜವಾದ ಅಂತಿಮ' ಎಂಬುದರ ಮುಂದೆ ಪ್ರೈವೇಟ್. ಅದರ ಕೆಳಗಿದ್ದ, ಯಾರಿಗೂ ಬೇಡದ ಕರಡು 'ಈಜು ಅಂತಿಮ'ದ ಮುಂದೆ ಅನ್‌ಲಿಸ್ಟೆಡ್.

ಎಲ್ಲ ನೆನಪಾಯಿತು. ಭಾನುವಾರ ಹಳೆಯ ಮದುಮಗನೊಬ್ಬ ಫೋನ್ ಮಾಡಿ, "ನನ್ನ ಮದುವೇಲಿ ನಾನು ಕುಣಿದದ್ದನ್ನ ಆಫೀಸಿನವರು ನೋಡ್ತಿದಾರೆ, ದಯವಿಟ್ಟು ತೆಗೀರಿ" ಎಂದು ಗೋಗರೆದಿದ್ದ. ಆ ಒಂದನ್ನು ತೆಗೆಯಲು ಹೋದ ಕತ್ತರಿಗೆ ಇಡೀ ಚಾನೆಲ್ ಗುಡಿಸುವ ಹುಮ್ಮಸ್ಸು ಬಂದಿತ್ತು. ಪಟ್ಟಿಯ ತಲೆಯಲ್ಲಿದ್ದ ಚೌಕಕ್ಕೆ ಗುರುತು ಹಾಕಿ ಆ ಪುಟದ ಮೂವತ್ತನ್ನೂ ಒಟ್ಟಿಗೆ ಹಿಡಿದು, ಈಜಿನದು ಉಳಿಯಲಿ ಎಂದು ಒಂದರ ಗುರುತು ತೆಗೆದು, ಉಳಿದವನ್ನೆಲ್ಲ ಪ್ರೈವೇಟ್ ಮಾಡಿದ್ದ. ಪರಿಣಾಮ ಗೊತ್ತಿದೆ ತಾನೆ ಎಂದು ತಾಣವೂ ಕೇಳಿತ್ತು. ಗೊತ್ತಿದೆ ಎಂದು ಇವನೂ ಒತ್ತಿದ್ದ. ಉಳಿಸಬೇಕಾದದ್ದನ್ನು ಮುಚ್ಚಿ, ಕರಡನ್ನು ಉಳಿಸಿದ್ದ.

"ಎಲ್ಲದಕ್ಕೂ ಅಂತಿಮ ಅಂತ ಹೆಸರಿಟ್ಟರೆ ಇನ್ನೇನಾಗುತ್ತೆ?" ಎಂದಳು ಅಕ್ಕ.

ಅವನು ತಕ್ಷಣ ಅದನ್ನು ಮತ್ತೆ ಅನ್‌ಲಿಸ್ಟೆಡ್ ಮಾಡಿ ಉಳಿಸಿದ. ಅಕ್ಕ ತನ್ನ ಫೋನಿನಲ್ಲಿ ಪುಟವನ್ನು ಮತ್ತೆ ತೆರೆದಳು. ಟೀಚರ್ ಧುಮುಕಿದರು. ಲಿಂಕ್ ಅದೇ, ಬದಲಾಗಿರಲಿಲ್ಲ.

"ಅಬ್ಬಾ!" ಎಂದ ಕತ್ತರಿ. ಬರೆದ ಎರಡು ಪುಟವನ್ನು ಒರೆಸಿ ಹೊಸದಾಗಿ ಬರೆದ: 'ತಾಂತ್ರಿಕ ಕಾರಣಗಳಿಂದ ಉಂಟಾಗಿದ್ದ ಅಡಚಣೆಯನ್ನು ಸರಿಪಡಿಸಲಾಗಿದೆ.' ಚಿಕ್ಕದಾಗಿದೆ, ಅಕ್ಕ ಮೆಚ್ಚಿಯಾಳು ಎಂದು ತಿರುಗಿ ನೋಡಿದ.

ಅಕ್ಕ ಮೆಚ್ಚಲಿಲ್ಲ. "ಈ ವಾಕ್ಯ ನಾನು ಮೂವತ್ತು ವರ್ಷ ಬರೆದಿದೀನಿ ಕಣೋ. ಒಬ್ಬರೂ ನಂಬಲಿಲ್ಲ."

"ನಂಬದಿದ್ರೆ ಇರಲಿ. ನಾನೇ ಮುಚ್ಚಿದೆ ಅಂದ್ರೆ ಇನ್ನು ಮೇಲೆ ಕೆಲಸ ಕೊಡ್ತಾರಾ?"

"ಮಧ್ಯಾಹ್ನ ಆ ಟೀಚರನ್ನ ಕೇಳ್ತೀನಿ ಅಂದ್ರಂತಲ್ಲ, ಆ ಯಮ್ಮ ಏನು ಹೇಳಬೇಕು? ತಾಂತ್ರಿಕ ಕಾರಣ ಅಂತಾನಾ?"

ಟವೆಲ್ ಎಸೆಯುವ ಆ ದೃಶ್ಯವನ್ನು ಅವನು ಎಷ್ಟು ಸಲ ನೋಡಿದ್ದನೋ. ಎಸೆಯುವ ಮುನ್ನ ಟೀಚರ್ ಒಮ್ಮೆ ಕ್ಯಾಮೆರಾ ಕಡೆ ತಿರುಗುತ್ತಾರೆ. ಆ ಅರೆಕ್ಷಣವನ್ನು ಕತ್ತರಿಸಬೇಕೋ ಬೇಡವೋ ಎಂದು ಅವನು ಒಂದು ಮಧ್ಯಾಹ್ನವಿಡೀ ಕೂತು ಕೊನೆಗೆ ಉಳಿಸಿಕೊಂಡಿದ್ದ. ಈಗ ಆಕೆ, ತಾನು ಮಾಡದ ಹಿಂಜರಿಕೆಗೆ ಉತ್ತರ ಕೊಡಬೇಕು. ಗಂಟೆ ಹನ್ನೊಂದೂಕಾಲು. ಅವನು ಮೂರನೇ ಸಲ ಬರೆದ.

'ಮೇಡಂ, ನಮಸ್ಕಾರ. ವಿಡಿಯೊ ಈಗ ಎಲ್ಲರಿಗೂ ತೆರೆಯುತ್ತದೆ. ಲಿಂಕ್ ಹಳೆಯದೇ, ಸಮಿತಿಯವರಿಗೆ ಹೊಸದು ಕಳಿಸಬೇಕಿಲ್ಲ. ಪುಟವನ್ನು ಮತ್ತೊಮ್ಮೆ ತೆರೆದರೆ ಸಾಕು. ಅದನ್ನು ಮುಚ್ಚಿದ್ದು ನಾನು. ಭಾನುವಾರ ಹಳೆಯ ವಿಡಿಯೊಗಳನ್ನು ಒಟ್ಟಿಗೆ ಪ್ರೈವೇಟ್ ಮಾಡುವಾಗ ನಿಮ್ಮದನ್ನು ಬಿಡುವ ಬದಲು ಅದರ ಕರಡನ್ನು ಬಿಟ್ಟೆ. ಪ್ರೈವೇಟ್ ಆದ ಮೇಲೆ ಲಿಂಕ್ ಇದ್ದರೂ ಬೇರೆಯವರಿಗೆ ಕಾಣುವುದಿಲ್ಲ. ಏರಿಸಿದವನು ನಾನಾದ್ದರಿಂದ ನನಗೆ ಕಾಣುತ್ತಿತ್ತು. ಅದು ತಿಳಿಯದೆ ಬೆಳಿಗ್ಗೆ ನಿಮ್ಮೊಂದಿಗೆ ವಾದ ಮಾಡಿದೆ, ತಪ್ಪಾಯಿತು. ಮುಚ್ಚಲು ನನಗೆ ಯಾರೂ ಹೇಳಿಲ್ಲ. ಟೀಚರ್ ಫೋನ್ ಮಾಡಿಲ್ಲ, ಅವರ ನಂಬರ್ ಕೂಡ ನನ್ನ ಹತ್ತಿರವಿಲ್ಲ. ಸಭೆಯಲ್ಲಿ ನೆಟ್ ಕೈಕೊಟ್ಟರೆ ಇರಲಿ ಎಂದು ಮೂಲ ಫೈಲನ್ನು ಇಳಿಸಿಕೊಳ್ಳುವ ಲಿಂಕನ್ನೂ ಕೆಳಗೆ ಹಾಕಿದ್ದೇನೆ.'

ಅಕ್ಕ ಎರಡು ಸಲ ಓದಿದಳು. "ಪರವಾಗಿಲ್ಲ. ಇದು ಕಾಗದ," ಎಂದಳು. ಆ ಎರಡನೇ ಲಿಂಕನ್ನು ಅವನು ಅಜ್ಞಾತ ಕಿಟಕಿಯಲ್ಲೊಮ್ಮೆ, ಅಕ್ಕನ ಫೋನಿನಲ್ಲೊಮ್ಮೆ, ಮೇಲಿನ ಮನೆಯ ದರ್ಜಿಯನ್ನು ಕೂಗಿ ಕರೆದು ಅವನ ಫೋನಿನಲ್ಲೊಮ್ಮೆ ತೆರೆಸಿ ನೋಡಿದ. ದರ್ಜಿ ಕೈಯಲ್ಲಿ ಅಳತೆಪಟ್ಟಿ ಹಿಡಿದುಕೊಂಡೇ ಬಂದು, "ನಾನು ಏನಾದ್ರೂ ಸಹಿ ಹಾಕಬೇಕಾ?" ಎಂದು ಕೇಳಿದ.

ಇಮೇಲ್ ಹೋಯಿತು. ಉತ್ತರ ಬರಲಿಲ್ಲ. ಹನ್ನೆರಡಾಯಿತು, ಒಂದಾಯಿತು. ಕತ್ತರಿ ಅನ್ನವನ್ನು ತಟ್ಟೆಯಲ್ಲಿ ಆ ಕಡೆಯಿಂದ ಈ ಕಡೆಗೆ ಸರಿಸುತ್ತಾ ಕೂತ. ಒಂದೂವರೆಗೆ ಮೇಡಂ ಫೋನ್ ಬಂತು.

"ಸರ್, ನೋಡಿದೆ. ತೆರೀತಿದೆ." ಒಂದು ಕ್ಷಣ ಬಿಟ್ಟು, "ನಿಮಗೆ ತೆರೀತಿದೆಯಾ?"

ಆ ಕಡೆ ನಗು ಕೇಳಿಸಿತು. "ಟೀಚರನ್ನ ಕೇಳಿಯೇ ಬಿಡ್ತಿದ್ದೆ ನೋಡಿ. ಅವರು ಒಳಗೆ ಬರೋಕೂ ನಾನು ನಿಮ್ಮ ಇಮೇಲ್ ನೋಡೋಕೂ ಸರಿಹೋಯ್ತು. ಸಮಿತಿ ಕಾರ್ಯದರ್ಶಿಗೆ ನಿಮ್ಮ ಇಮೇಲನ್ನೇ ಹಾಗೇ ಕಳಿಸಿದೀನಿ. ನಮ್ಮ ಹೆಂಗಸರೇ ಹಿಂದೆ ಸರಿದಿದಾರೆ ಅಂತ ಅವರು ಅಂದ್ಕೊಂಡಿದ್ರಂತೆ."

ಸಭೆ ಐದೂವರೆಗೆ ಮುಗಿಯಿತು. ಹೆಂಗಸರಿಗೆ ವಾರದ ಆರು ದಿನದಲ್ಲಿ ನಾಲ್ಕು ದಿನ ಸಿಕ್ಕಿತು, ಎರಡು ದಿನ ಕ್ಲಬ್‌ಗೆ ಹೋಯಿತು. ಪೂರ್ತಿ ಗೆಲುವಲ್ಲ. ಕತ್ತರಿ ಮಾತ್ರ, ವಿಡಿಯೊ ಬೆಳಿಗ್ಗೆಯೇ ತೆರೆದಿದ್ದರೆ ಆ ಎರಡು ದಿನವೂ ಉಳಿಯುತ್ತಿತ್ತೇನೋ ಎಂದು ಅಕ್ಕನ ಹತ್ತಿರ ಮೂರು ಸಲ ಹೇಳಿಕೊಂಡ. "ಆ ಕ್ಲಬ್ಬಿನವರೂ ಈಜಬೇಕಲ್ಲಪ್ಪ," ಎಂದಳು ಅವಳು.

ಮರುದಿನ ಬೆಳಿಗ್ಗೆ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ದನಿ.

"ನಿಮ್ಮ ಹತ್ತಿರ ನನ್ನ ನಂಬರ್ ಇಲ್ಲ ಅಂತ ಬರೆದಿದ್ರಂತೆ. ಈಗ ಇದೆ, ಉಳಿಸಿಕೊಳ್ಳಿ. ನೋಡಿ, ನನ್ನ ಬೀಗಿತ್ತಿಗೆ ಲಿಂಕ್ ಕಳಿಸಿದೆ. ಅವರು ಅವರ ತಂಗಿಗೆ ಕಳಿಸಿದಾರೆ. ಈ ಮುಚ್ಚುಮರೆ ಎಲ್ಲ ಯಾಕೆ? ಎಲ್ಲರಿಗೂ ಕಾಣೋ ಹಾಗೆ ಮಾಡಿಬಿಡಿ."

"ಟೀಚರ್, ಪಬ್ಲಿಕ್ ಮಾಡಿದ್ರೆ ಹುಡುಕಿದವರಿಗೆಲ್ಲ ಸಿಗುತ್ತೆ."

"ಸಿಗಲಿ ಅಂತಾನೇ ಹೇಳ್ತಿರೋದು."

"ಉಳಿದ ಹನ್ನೊಂದು ಜನ ಒಪ್ಪಬೇಕು."

"ನಾನು ಒಪ್ಪಿಸ್ತೀನಿ. ನೀವು ಬರಹದಲ್ಲಿ ಕೇಳಿ, ಚಿಕ್ಕದಾಗಿ."

ಕತ್ತರಿ ಕುರ್ಚಿ ಎಳೆದುಕೊಂಡು ಬರೆಯಲು ಕೂತ. ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ವಿಷಯ ಎಲ್ಲಿ ಶುರುವಾಗಿತ್ತೆಂದು ಅವನಿಗೇ ತಿಳಿಯದಾಯಿತು. "ಅಕ್ಕಾ," ಎಂದು ಕೂಗಿದ.